ಮುಟ್ಟಿನ ಎರಡನೇ ದಿನ, ಸೋಮವಾರದ ಒಪ್ಪತ್ತು: ತಲೆ ಸುತ್ತುವುದು ಯಾಕೆ?

"ಮುಟ್ಟಾದಾಗ ಉಪವಾಸ ಮಾಡಿದ್ರೆ ಮೈಯಲ್ಲಿ ರಕ್ತ ಇಳಿದು ಹೋಗುತ್ತೆ, ಅದಕ್ಕೇ ತಲೆ ಸುತ್ತೋದು." ದಾವಣಗೆರೆಯ ಯಾವ ಮನೆಯಲ್ಲಿ ಕೇಳಿದರೂ ಈ ಮಾತು ಸಿಗುತ್ತದೆ. ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುವ ನನಗೆ ಶ್ರಾವಣ ಬಂತೆಂದರೆ ಇದು ಇನ್ನೂ ಜಾಸ್ತಿ ಕೇಳಿಸುತ್ತದೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಇವತ್ತು ಮಧ್ಯಾಹ್ನ ಕಣ್ಣು ಕತ್ತಲೆ ಬಂದದ್ದು ಒಂದು. ಮೈಯಲ್ಲಿ ಕಬ್ಬಿಣಾಂಶ ಕಡಿಮೆ ಆಗಿರುವುದು ಇನ್ನೊಂದು. ಮೊದಲನೆಯದು ಗಂಟೆಗಳ ಲೆಕ್ಕ, ಎರಡನೆಯದು ತಿಂಗಳುಗಳ ಲೆಕ್ಕ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ಯಾರು ಉಪವಾಸ ಮಾಡುತ್ತಾರೆ ಅನ್ನೋದನ್ನು ನೋಡೋಣ. ಮುಟ್ಟಾದವರು ದೇವರ ಕೋಣೆಗೆ ಹೋಗಬಾರದು ಎನ್ನುವ ಮನೆಗಳಲ್ಲೂ ಪೂಜೆಯನ್ನು ಬಿಡುತ್ತಾರೆ, ಉಪವಾಸವನ್ನು ಬಿಡುವುದಿಲ್ಲ. ಹಿಡಿದ ವ್ರತ ಮುರಿಯಬಾರದು ಅಂತ. ನಮ್ಮ ಕಡೆ ಲಿಂಗಾಯತ ಮನೆಗಳು ಹೆಚ್ಚು. ಶರಣರು ಪಂಚಸೂತಕಗಳನ್ನು ಒಪ್ಪಲಿಲ್ಲ, ಮುಟ್ಟಿನ ಸೂತಕವೂ ಅದರಲ್ಲಿ ಸೇರಿದೆ. ಹಾಗಾಗಿ ಆಚಾರ ಪಾಲಿಸುವ ಮನೆಗಳಲ್ಲಿ ಆ ದಿನಗಳಲ್ಲೂ ಲಿಂಗಪೂಜೆ ನಡೆಯುತ್ತದೆ, ಸೋಮವಾರದ ಒಪ್ಪತ್ತೂ ನಡೆಯುತ್ತದೆ. ಮುಸ್ಲಿಂ ಮಹಿಳೆಯರಿಗೆ ಮುಟ್ಟಿನ ದಿನಗಳಲ್ಲಿ ರೋಜಾ ಇಲ್ಲ, ಆ ದಿನಗಳನ್ನು ಆಮೇಲೆ ಹಿಡಿದು ತೀರಿಸುತ್ತಾರೆ. ಆದರೆ ಮನೆಯ ಗಂಡಸರ ಮುಂದೆ ತಿನ್ನಲು, ಕುಡಿಯಲು ನಾಚಿಕೊಂಡು ಸುಮ್ನೆ ಹಸಿದೇ ಇರುವವರು ಎಷ್ಟೋ ಜನ. ಧರ್ಮ ವಿನಾಯಿತಿ ಕೊಟ್ಟರೂ ಸಂಕೋಚ ಕೊಡುವುದಿಲ್ಲ. ಈಚೆಗೆ ಇನ್ನೊಂದು ಗುಂಪು ಸೇರಿದೆ, ತೂಕ ಇಳಿಸಲು ದಿನಕ್ಕೆ 16 ಗಂಟೆ ಏನೂ ತಿನ್ನದವರದು. ಕಾರಣ ಯಾವುದಾದರೂ ಮೈ ನಡೆದುಕೊಳ್ಳುವ ರೀತಿ ಒಂದೇ.

ಒಬ್ಬರನ್ನು ಎದುರಿಗೆ ಇಟ್ಟುಕೊಂಡು ಲೆಕ್ಕ ಹಾಕಿದರೆ ಇದು ಬೇಗ ಅರ್ಥವಾಗುತ್ತದೆ. ವಯಸ್ಸು 36, ಮಂಡಿಪೇಟೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸ ಎಂದುಕೊಳ್ಳಿ. ಶ್ರಾವಣ ಸೋಮವಾರ, ಮುಟ್ಟಿನ ಎರಡನೇ ದಿನ. ಹಿಂದಿನ ರಾತ್ರಿ ಒಂಬತ್ತಕ್ಕೆ ಊಟ ಮಾಡಿದ್ದಾರೆ. ಬೆಳಿಗ್ಗೆ ಸ್ನಾನ, ಪೂಜೆ, ಒಂದು ಕಪ್ ಟೀ. ಇನ್ನು ರಾತ್ರಿಯೇ ಊಟ. ನೀರು ಕುಡಿಯಬಾರದು ಅಂತೇನೂ ವ್ರತದಲ್ಲಿ ಇಲ್ಲ. ಆದರೆ ಅಂಗಡಿಯ ಶೌಚಾಲಯ ನೆನೆಸಿಕೊಂಡು ಕುಡಿಯುವುದಿಲ್ಲ. ಹೊಟ್ಟೆ ನೋವಿಗೆ ಹನ್ನೊಂದು ಗಂಟೆಗೆ ಒಂದು ಮಾತ್ರೆ ನುಂಗಿದ್ದಾರೆ. ಸಂಜೆ ನಾಲ್ಕಕ್ಕೆ ಕೆಳಗಿನ ಕಪಾಟಿನಿಂದ ಸೀರೆ ತೆಗೆಯಲು ಕುಕ್ಕರಗಾಲಲ್ಲಿ ಕೂತು ಎದ್ದರು ನೋಡಿ, ಕಣ್ಣು ಕತ್ತಲೆ. ಕುರ್ಚಿ ಹಿಡಿದು ಕೂತರು. ಎರಡು ನಿಮಿಷಕ್ಕೆ ಸರಿಹೋಯಿತು. "ರಕ್ತ ಕಡಿಮೆ ಆಗಿದೆ, ದಾಳಿಂಬೆ ಜ್ಯೂಸ್ ಕುಡಿ" ಅಂದರು ಪಕ್ಕದವರು.

ಆ ಹೊತ್ತಿಗೆ ಎಷ್ಟು ರಕ್ತ ಹೋಗಿರಬಹುದು? ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ, ಎಲ್ಲ ದಿನ ಸೇರಿ, 30 ರಿಂದ 40 ಮಿಲೀ ರಕ್ತ ಹೋಗುತ್ತದೆ. 80 ಮಿಲೀ ದಾಟಿದರೆ ಜಾಸ್ತಿ ಸ್ರಾವ ಎನ್ನುತ್ತಾರೆ. ರಕ್ತದಾನ ಶಿಬಿರದಲ್ಲಿ ಒಬ್ಬರಿಂದ 350 ಮಿಲೀ ತೆಗೆಯುತ್ತಾರೆ, ಅದೂ ಕೆಲವೇ ನಿಮಿಷಗಳಲ್ಲಿ. ಹೆಚ್ಚಿನವರು ಬಿಸ್ಕತ್ತು ತಿಂದು, ಜ್ಯೂಸ್ ಕುಡಿದು ನಡೆದುಕೊಂಡೇ ಹೋಗುತ್ತಾರೆ. ಹಾಗಾದರೆ ಸ್ರಾವ ಜಾಸ್ತಿಯಿದ್ದು ಎರಡು ದಿನದಲ್ಲಿ 40-50 ಮಿಲೀ ಹೋಗಿದ್ದರೂ ಆ ರಕ್ತವೊಂದೇ ನಮ್ಮ ಸೀರೆ ಅಂಗಡಿಯವರ ಕಣ್ಣು ಕತ್ತಲೆಗೆ ಕಾರಣವಾಗಿರಲು ಸಾಧ್ಯವಿಲ್ಲ. ರಕ್ತದಾನಕ್ಕೆ ಬರುವವರಿಗೆ ಮೊದಲು ಕೇಳುವುದು "ತಿಂದು ಬಂದಿದ್ದೀರಾ? ನೀರು ಕುಡಿದಿದ್ದೀರಾ?" ಅಂತ, ಅಲ್ವಾ? ಉತ್ತರ ಅಲ್ಲೇ ಇದೆ.

ನಾವು ನೀರು ಕುಡಿಯುವುದು ಲೋಟದಿಂದ ಮಾತ್ರ ಅಲ್ಲ. ಅನ್ನ, ಸಾರು, ಮಜ್ಜಿಗೆ, ಪಲ್ಯ ಎಲ್ಲದರಲ್ಲೂ ನೀರಿದೆ. ಊಟ ಬಿಟ್ಟರೆ ಆ ನೀರೂ ಹೋಯಿತು. ಉಪ್ಪಂತೂ ಬರುವುದೇ ಊಟದಿಂದ. ಇದರ ಮೇಲೆ ಉಪವಾಸದ ಒಂದು ಗುಣವಿದೆ. ಊಟವಿಲ್ಲದಾಗ ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಇಳಿದರೆ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ, ಉಪ್ಪಿನ ಜೊತೆ ನೀರೂ ಹೊರಗೆ ಹೋಗುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಕರಗುವಾಗ ಅದರ ಜೊತೆಗಿದ್ದ ನೀರೂ ಬಿಡುಗಡೆಯಾಗಿ ಹೋಗುತ್ತದೆ. ಅಂದರೆ ಉಪವಾಸದ ದಿನ ಒಳಗೆ ಬರುವುದು ಕಡಿಮೆ, ಹೊರಗೆ ಹೋಗುವುದು ಜಾಸ್ತಿ. ನಾಳಗಳಲ್ಲಿ ಓಡುವ ರಕ್ತದ ನೀರಿನ ಭಾಗ ತಗ್ಗಿರುತ್ತದೆ. ಕೂತವರು ಎದ್ದಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ, ಅದನ್ನು ತಲೆಗೆ ತಳ್ಳಲು ಬೇಕಾದ ಒತ್ತಡ ಒಂದೆರಡು ಕ್ಷಣ ಸಾಲದೆ ಹೋಗುತ್ತದೆ. ಮುಟ್ಟಿನ ನೋವು ಜೋರಾಗಿದ್ದರೆ, ಕೆಲವರಿಗೆ ಆಗುವಂತೆ ಭೇದಿಯೂ ಇದ್ದರೆ, ಇದು ಇನ್ನಷ್ಟು ಬೇಗ ಬರುತ್ತದೆ. ಶಿವರಾತ್ರಿಯ ಹೊತ್ತಿಗೆ ನಮ್ಮ ಕಡೆ ಬಿಸಿಲು ಏರಿರುತ್ತದೆ, ರಾತ್ರಿ ಜಾಗರಣೆ ಬೇರೆ. ಆಗಂತೂ ಕೇಳುವುದೇ ಬೇಡ.

ಸಕ್ಕರೆ ಇಳಿದು ತಲೆ ಸುತ್ತಿತು ಅನ್ನುವುದು ಜನ ಅಂದುಕೊಂಡಷ್ಟು ಸಾಮಾನ್ಯವಲ್ಲ. ಡಯಾಬಿಟಿಸ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳದ ಆರೋಗ್ಯವಂತರಲ್ಲಿ ಯಕೃತ್ತು ಒಂದು ದಿನದ ಮಟ್ಟಿಗೆ ಸಕ್ಕರೆಯನ್ನು ಸರಿತೂಗಿಸಿಕೊಂಡು ಹೋಗುತ್ತದೆ. ವ್ಯತ್ಯಾಸ ಹೀಗೆ ಗೊತ್ತಾಗುತ್ತದೆ. ಎದ್ದಾಗ ಬಂದು, ಕೂತರೆ ಅಥವಾ ಮಲಗಿದರೆ ಹೋಗುವ ಸುತ್ತು ನೀರು-ಉಪ್ಪಿನದು. ಕೂತಲ್ಲೇ ಕೈ ನಡುಗಿ, ಬೆವರಿ, ಮಂಕಾಗಿ, ಸಿಹಿ ಕುಡಿದ ಹತ್ತು-ಹದಿನೈದು ನಿಮಿಷಕ್ಕೆ ಹೋದರೆ ಅದು ಸಕ್ಕರೆಯದು. ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಐದು ನಿಮಿಷ ಮಲಗಿ ಒಮ್ಮೆ ನೋಡಿ, ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನದು 10 ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಸುತ್ತಿನ ಮೂಲ ಅಲ್ಲಿದೆ. ಇನ್ನು ಟೀ ಬಿಟ್ಟು ಉಪವಾಸ ಮಾಡುವವರಿಗೆ ಮಧ್ಯಾಹ್ನ ತಲೆ ಸಿಡಿಯುತ್ತದೆಯಲ್ಲ, ಅದು ಹೆಚ್ಚಾಗಿ ಟೀಯ ಚಟದ ನೋವು. ಕಬ್ಬಿಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಆ ದಿನಕ್ಕೆ ಬೇಕಾದದ್ದು ಉಪ್ಪು ಹಾಕಿದ ನೀರು ಮಜ್ಜಿಗೆ, ಅಥವಾ ಉಪ್ಪು-ಸಕ್ಕರೆಯ ನಿಂಬೆ ಪಾನಕ. ವ್ರತಕ್ಕೆ ಮಾಮೂಲಿ ಉಪ್ಪು ಆಗುವುದಿಲ್ಲ ಎನ್ನುವವರು ಸೈಂಧವ ಉಪ್ಪು ಹಾಕಿಕೊಳ್ಳಬಹುದು. ಈ ಕೆಲಸಕ್ಕೆ ಎರಡೂ ಒಂದೇ, ಎರಡರಲ್ಲೂ ಇರುವುದು ಸೋಡಿಯಂ ಕ್ಲೋರೈಡ್. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬರೀ ಗ್ಲೂಕೋಸ್ ಪುಡಿಯಲ್ಲೂ ಉಪ್ಪಿನ ಕೆಲಸ ಅಷ್ಟಾಗಿ ಆಗುವುದಿಲ್ಲ. ಅದರಿಂದ ಹಾಯೆನಿಸುವುದಕ್ಕೆ ಅರ್ಧ ಕಾರಣ ಜೊತೆಗೆ ಹೋದ ಒಂದು ಲೋಟ ನೀರು. ಭೇದಿಯೂ ಇದ್ದರೆ ಓಆರ್‌ಎಸ್ ಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಿಪಿ ಮಾತ್ರೆ, ಡಯಾಬಿಟಿಸ್ ಮಾತ್ರೆ ತೆಗೆದುಕೊಳ್ಳುವವರ ಮಾತು ಬೇರೆ. ಅವರು ಡಾಕ್ಟರನ್ನು ಕೇಳದೆ ಒಪ್ಪತ್ತು ಕೂಡ ಮಾಡಬಾರದು.

ಹನ್ನೊಂದು ಗಂಟೆಗೆ ನುಂಗಿದ ಆ ಮಾತ್ರೆಯನ್ನೂ ಮರೆಯುವ ಹಾಗಿಲ್ಲ. ಮುಟ್ಟಿನ ನೋವಿಗೆ ಮೆಡಿಕಲ್ ಶಾಪಿನಲ್ಲಿ ಹೆಚ್ಚಾಗಿ ಕೊಡುವುದು ಮೆಫೆನಮಿಕ್ ಆಸಿಡ್ ಇರುವ ಮಾತ್ರೆ. ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಸ್ರಾವವನ್ನೂ ಸ್ವಲ್ಪ ತಗ್ಗಿಸುತ್ತದೆ. ಆದರೆ ಖಾಲಿ ಹೊಟ್ಟೆಗೆ ಹಾಕಿದರೆ ಹೊಟ್ಟೆ ಉರಿ, ವಾಕರಿಕೆ. ತಿಂದ ಮೇಲೆ ತೆಗೆದುಕೊಳ್ಳುವ ಮಾತ್ರೆ ಅದು. ಉಪವಾಸದ ದಿನ ತಡೆಯಲಾರದ ನೋವಿದ್ದರೆ ಪ್ಯಾರಾಸಿಟಮಾಲ್ ಹೊಟ್ಟೆಗೆ ಮೃದು. ಇಲ್ಲವಾದರೆ ನಾಲ್ಕು ತುತ್ತು ತಿನ್ನಿ. ದೇವರೇನೂ ಲೆಕ್ಕ ಬರೆದುಕೊಳ್ಳುವುದಿಲ್ಲ ಅನ್ನೋದು ನನ್ನ ನಂಬಿಕೆ, ಒಪ್ಪದಿದ್ದರೆ ಬಿಡಿ.

ಈಗ ಕಬ್ಬಿಣದ ಲೆಕ್ಕ. ನಮ್ಮ ಸೀರೆ ಅಂಗಡಿಯವರಿಗೆ ಸ್ರಾವ ಜಾಸ್ತಿ, 80 ಮಿಲೀ ಎಂದಿಟ್ಟುಕೊಳ್ಳೋಣ. ಹಿಮೋಗ್ಲೋಬಿನ್ 12ರ ಆಸುಪಾಸಿನಲ್ಲಿ ಇರುವವರ ಒಂದು ಮಿಲೀ ರಕ್ತದಲ್ಲಿ ಸುಮಾರು 0.4 ಮಿಗ್ರಾಂ ಕಬ್ಬಿಣ ಇರುತ್ತದೆ. 80 ಮಿಲೀ ಅಂದರೆ ತಿಂಗಳಿಗೆ 32 ಮಿಗ್ರಾಂ ಹೋಯಿತು. ಮುಟ್ಟಿಲ್ಲದಿದ್ದರೂ ಚರ್ಮ, ಕರುಳಿನ ಮೂಲಕ ದಿನಕ್ಕೆ ಹತ್ತಿರ ಹತ್ತಿರ 1 ಮಿಗ್ರಾಂ ಹೋಗುತ್ತಲೇ ಇರುತ್ತದೆ. ಎರಡೂ ಸೇರಿದರೆ ದಿನಕ್ಕೆ ಸರಾಸರಿ 2 ಮಿಗ್ರಾಂ ಒಳಗೆ ಸೇರಲೇಬೇಕು. ನಮ್ಮ ರೊಟ್ಟಿ-ಅನ್ನ-ಕಾಳಿನ ಊಟದಲ್ಲಿ ಇರುವ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸುಮಾರು 8 ಭಾಗ ಮಾತ್ರ, ನೂರಕ್ಕೆ. ಅದಕ್ಕೇ ಐಸಿಎಂಆರ್ ಹೆಂಗಸರಿಗೆ ದಿನಕ್ಕೆ 29 ಮಿಗ್ರಾಂ ಕಬ್ಬಿಣದ ಊಟ ಬೇಕು ಎನ್ನುತ್ತದೆ. ಇವರ ಊಟದಲ್ಲಿ 18 ಮಿಗ್ರಾಂ ಇದ್ದರೆ ಒಳಗೆ ಸೇರುವುದು 1.4 ಮಿಗ್ರಾಂ. ದಿನಕ್ಕೆ ಅರ್ಧ ಮಿಗ್ರಾಂಗೂ ಮೇಲೆ ಸಾಲ.

ಇದರಲ್ಲಿ ಉಪವಾಸದ ಪಾಲು ಎಷ್ಟು? ತಿಂಗಳಿಗೆ ನಾಲ್ಕು ಸೋಮವಾರ, ಪ್ರತಿ ಸಲ ಅರ್ಧ ಊಟ ಕಡಿಮೆ. ಒಂದು ಒಪ್ಪತ್ತಿಗೆ 0.7 ಮಿಗ್ರಾಂ ನಷ್ಟ. ನಾಲ್ಕಕ್ಕೆ ಸೇರಿ 3 ಮಿಗ್ರಾಂ ಕೂಡ ಆಗುವುದಿಲ್ಲ. ಮುಟ್ಟಿನಲ್ಲಿ ಹೋದದ್ದು 32! ಈ ಲೆಕ್ಕ ಒರಟು, ಕಬ್ಬಿಣ ಕಡಿಮೆ ಇದ್ದಾಗ ಕರುಳು ಸ್ವಲ್ಪ ಹೆಚ್ಚು ಹೀರಿಕೊಳ್ಳುತ್ತದೆ, ಹೀಗಾಗಿ ಅಂಕಿ ಅಂಶ ಅತ್ತಿತ್ತ ಆಗುತ್ತದೆ. ಆದರೂ ಒಂದಕ್ಕೂ ಇನ್ನೊಂದಕ್ಕೂ ಹತ್ತು ಪಟ್ಟು ಅಂತರ. ಸೋಮವಾರದ ಒಪ್ಪತ್ತಿಗೆ ಬಯ್ಯುವ ಮೊದಲು ಸ್ರಾವ ಯಾಕೆ ಇಷ್ಟು ಅಂತ ನೋಡಿಸಬೇಕು.

ಇನ್ನೊಬ್ಬ ಕಳ್ಳ ಇದ್ದಾನೆ, ಟೀ. ಊಟದ ಜೊತೆ ಅಥವಾ ಊಟವಾದ ಕೂಡಲೇ ಕುಡಿದ ಟೀಯಲ್ಲಿರುವ ಟ್ಯಾನಿನ್, ಆ ಊಟದ ಕಾಳು-ಸೊಪ್ಪಿನ ಕಬ್ಬಿಣ ಹೀರಿಕೊಳ್ಳುವುದನ್ನು ಅರ್ಧಕ್ಕೂ ಹೆಚ್ಚು ತಗ್ಗಿಸಬಲ್ಲದು. ಅಡಿಕೆಯಲ್ಲೂ ಟ್ಯಾನಿನ್ ಇದೆ, ಚನ್ನಗಿರಿ ಕಡೆಯವರು ಬೇಜಾರು ಮಾಡಿಕೊಳ್ಳಬೇಡಿ. ದಿನಾ ತಿಂಡಿಯ ಜೊತೆ ಒಂದು, ಊಟದ ಮೇಲೆ ಒಂದು ಟೀ ಕುಡಿಯುವವರ ಒಳಗೆ ಸೇರಬೇಕಾದ 1.4ರಲ್ಲಿ ಅರ್ಧ ಮಿಗ್ರಾಂ ತಪ್ಪಿದರೂ ತಿಂಗಳಿಗೆ 14 ಮಿಗ್ರಾಂ. ಒಪ್ಪತ್ತಿನ ನಾಲ್ಕೈದು ಪಟ್ಟು. ಟೀ ಬಿಡಬೇಕಾಗಿಲ್ಲ, ಊಟಕ್ಕೂ ಅದಕ್ಕೂ ಒಂದು ಗಂಟೆಯ ಅಂತರ ಇದ್ದರೆ ಸಾಕು.

ಹಾಗಂತ ಉಪವಾಸಕ್ಕೆ ಪೂರ್ತಿ ಮಾಫಿ ಇಲ್ಲ. ಉಪವಾಸ ಬಿಡುವಾಗ ಏನು ತಿನ್ನುತ್ತೇವೆ ಅನ್ನೋದರಲ್ಲಿ ತೊಂದರೆ ಇದೆ. ಸಬ್ಬಕ್ಕಿ ಕಿಚಡಿ, ಬಾಳೆಹಣ್ಣು, ಹಾಲು, ಮೇಲೊಂದು ಟೀ. ಸಬ್ಬಕ್ಕಿ ಬರೀ ಪಿಷ್ಟ, ಹಾಲಿನಲ್ಲಿ ಕಬ್ಬಿಣ ಇಲ್ಲವೆಂದೇ ಹೇಳಬೇಕು, ಅದರ ಕ್ಯಾಲ್ಶಿಯಂ ಬೇರೆ ಊಟದ ಕಬ್ಬಿಣಕ್ಕೂ ಅಡ್ಡ ಬರುತ್ತದೆ. ತಿಂಗಳಿಗೆ ನಾಲ್ಕು ದಿನ ಹೀಗಾದರೆ ಏನೂ ಆಗದು. ಸೋಮವಾರ, ಗುರುವಾರ, ಸಂಕಷ್ಟಿ, ಏಕಾದಶಿ ಎಲ್ಲ ಹಿಡಿದವರಿಗೆ, ನವರಾತ್ರಿಯ ಒಂಬತ್ತೂ ದಿನ ಹಣ್ಣು-ಹಾಲಿನಲ್ಲಿ ಕಳೆಯುವವರಿಗೆ ಲೆಕ್ಕ ಬದಲಾಗುತ್ತದೆ. ಒಪ್ಪತ್ತಿನ ಊಟಕ್ಕೆ ನಿರ್ಬಂಧ ಇಲ್ಲದ ಮನೆಗಳಲ್ಲಿ ರಾತ್ರಿ ಜೋಳದ ರೊಟ್ಟಿ, ಮಡಕೆ ಕಾಳಿನ ಪಲ್ಯ, ಸೊಪ್ಪು, ನಿಂಬೆ ಹಿಂಡಿದ ಹೆಸರುಬೇಳೆ ಕೋಸಂಬರಿ ಇಟ್ಟರೆ ಸಾಕು. ನಿಂಬೆಯ ವಿಟಮಿನ್ ಸಿ ಕಾಳಿನ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಪೇರಲ ಹಣ್ಣು, ನೆಲ್ಲಿಕಾಯಿಯೂ ಅದನ್ನೇ ಮಾಡುತ್ತವೆ. ಧಾನ್ಯ ಮುಟ್ಟದ ವ್ರತವಾದರೆ ಶೇಂಗಾ ಇದ್ದೇ ಇದೆ. ಚಳ್ಳಕೆರೆಯ ಸೀಮೆಯಲ್ಲಿ ಅದಕ್ಕೇನು ಬರ!

ದಾಳಿಂಬೆಯ ಬಗ್ಗೆ ಒಂದು ಮಾತು. ಹಿರಿಯೂರು, ಹೊಸದುರ್ಗದ ಕಡೆ ಬೆಳೆಯುವ ಹಣ್ಣು, ರುಚಿಯೂ ಚೆಂದ. ಆದರೆ 100 ಗ್ರಾಂ ಕಾಳಿನಲ್ಲಿ ಕಬ್ಬಿಣ ಇರುವುದು ಅರ್ಧ ಮಿಗ್ರಾಂಗಿಂತ ಕಡಿಮೆ. ಬೀಟ್‌ರೂಟ್ ಕೂಡ ಹೆಚ್ಚೇನಲ್ಲ. ಬಣ್ಣ ಕೆಂಪಗಿದ್ದ ಮಾತ್ರಕ್ಕೆ ರಕ್ತ ಆಗುವುದಿಲ್ಲ.

ಸಾಲ ಬೆಳೆಯುತ್ತಾ ಹೋದರೂ ಹಿಮೋಗ್ಲೋಬಿನ್ ಮೊದಲಿಗೆ ಏನೂ ಹೇಳುವುದಿಲ್ಲ. ಹಳೆಯ ಕಾಲದಲ್ಲಿ ನಮ್ಮ ಮನೆಗಳಲ್ಲಿ ಜೋಳ ತುಂಬಿಡುವ ಹಗೇವು ಇರುತ್ತಿತ್ತಲ್ಲ, ಹಗೇವು ಬರಿದಾಗುವವರೆಗೂ ಒಲೆಯ ಮುಂದೆ ಕೊರತೆ ಕಾಣಿಸುತ್ತಿರಲಿಲ್ಲ. ಫೆರಿಟಿನ್ ಅನ್ನುವ ಪರೀಕ್ಷೆ ಆ ಹಗೇವಿನೊಳಗೆ ಇಣುಕಿ ನೋಡುವುದು. ಅದು 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಮುಗಿದಿದೆ ಎಂದರ್ಥ, 30ರ ಕೆಳಗಿದ್ದರೇ ಅನೇಕ ಡಾಕ್ಟರುಗಳು ಕೊರತೆ ಎಂದು ಎಣಿಸುತ್ತಾರೆ. ಹಿಮೋಗ್ಲೋಬಿನ್ 12ರ ಕೆಳಗೆ ಇಳಿದರೆ ರಕ್ತಹೀನತೆ, ಆದರೆ ಅದು ಇಳಿಯುವ ಎಷ್ಟೋ ತಿಂಗಳ ಮೊದಲೇ ಸುಸ್ತು ಶುರುವಾಗಿರಬಹುದು. ಉಪವಾಸ ಇಲ್ಲದ ದಿನವೂ ಮೆಟ್ಟಿಲು ಹತ್ತಿದರೆ ಎದೆ ಬಡಿತ, ಏದುಸಿರು, ಕೂದಲು ಉದುರುವುದು. ಇನ್ನೊಂದು ಗುರುತನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿದರೆ ನಕ್ಕು ಒಪ್ಪಿಕೊಳ್ಳುತ್ತಾರೆ: ಹಸಿ ಅಕ್ಕಿ, ಬಳಪ, ವಿಭೂತಿ, ಐಸ್ ತಿನ್ನುವ ಚಪಲ. ಇದು ಇದ್ದರೆ ನೀರು-ಉಪ್ಪಿನ ಮಾತು ಸಾಲದು.

ಕೊರತೆ ಖಚಿತವಾದರೆ ಮಾತ್ರೆಯೇ ದಾರಿ. ಸರ್ಕಾರಿ ಆಸ್ಪತ್ರೆಗಳಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುವ ಕಬ್ಬಿಣದ ಮಾತ್ರೆಯಲ್ಲಿ 60 ಮಿಗ್ರಾಂ ಕಬ್ಬಿಣ ಇರುತ್ತದೆ. ಅದರಲ್ಲಿ ಹತ್ತನೇ ಒಂದು ಭಾಗ ಹತ್ತಿದರೂ 6 ಮಿಗ್ರಾಂ, ಅಂದರೆ ನಾಲ್ಕು ಒಪ್ಪತ್ತಿನ ನಷ್ಟ ಒಂದೇ ಮಾತ್ರೆಗೆ ತೀರಿ ಇನ್ನೂ ಉಳಿಯುತ್ತದೆ. ಖಾಲಿ ಹೊಟ್ಟೆಗೆ ಹೆಚ್ಚು ಹತ್ತುತ್ತದೆ ನಿಜ, ಆದರೆ ಉಪವಾಸದ ದಿನ ಹಾಗೆ ನುಂಗಿ ವಾಂತಿ ಮಾಡಿಕೊಂಡು ಮಾತ್ರೆಯನ್ನೇ ಬಿಟ್ಟವರು ತುಂಬಾ ಜನ. ಆ ದಿನ ರಾತ್ರಿ ಊಟದ ಜೊತೆ, ನಿಂಬೆ ನೀರಿನಲ್ಲಿ ತೆಗೆದುಕೊಂಡರಾಯಿತು. ಹಾಲು, ಟೀ, ಕ್ಯಾಲ್ಶಿಯಂ ಮಾತ್ರೆ ಜೊತೆಗೆ ಬೇಡ. ದಿನಾ ತಡೆಯದಿದ್ದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಅಂತ ಡಾಕ್ಟರನ್ನು ಕೇಳಿ, ಹಾಗೆ ತೆಗೆದುಕೊಂಡಾಗ ಪ್ರತಿ ಮಾತ್ರೆಯಿಂದ ಹತ್ತುವ ಪಾಲು ಹೆಚ್ಚುತ್ತದೆ. ಮಲ ಕಪ್ಪಾಗುವುದು ಸಹಜ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು. ಇಲ್ಲದಿದ್ದರೆ ಒಲೆ ಉರಿಯುತ್ತದೆ, ಹಗೇವು ಖಾಲಿಯೇ.

ಗಂಟೆಗೊಂದರಂತೆ ಪ್ಯಾಡ್ ತುಂಬಿ ಎರಡು ಗಂಟೆಗೂ ಮೇಲೆ ಹಾಗೇ ಮುಂದುವರಿದರೆ, ಎಚ್ಚರ ತಪ್ಪಿ ಬಿದ್ದರೆ, ಕೂತಾಗಲೂ ಉಸಿರು ಕಟ್ಟಿದರೆ, ದಿನ ಮುಂದೆ ಹೋಗಿ ಆಮೇಲೆ ರಕ್ತ ಕಂಡು ಹೊಟ್ಟೆ ವಿಪರೀತ ನೋಯುತ್ತಿದ್ದರೆ ಉಪವಾಸ ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ರಕ್ತದ ಹೆಪ್ಪು ಬೀಳುವುದು, ರಾತ್ರಿ ಪ್ಯಾಡ್ ಬದಲಿಸಲೆಂದೇ ಏಳುವುದು, ಏಳು ದಿನ ದಾಟುವುದು ಅಷ್ಟು ತುರ್ತಲ್ಲ. ಆದರೆ 80 ಮಿಲೀ ದಾಟಿದ ಗುರುತುಗಳು ಇವೇ. ಗರ್ಭಕೋಶದಲ್ಲಿ ಗೆಡ್ಡೆ, ಥೈರಾಯ್ಡ್ ತೊಂದರೆ ಯಾವುದಿದೆ ಅಂತ ಸ್ತ್ರೀರೋಗ ತಜ್ಞರು ನೋಡಬೇಕು. ತೂಕ ಇಳಿಸಲು ಉಪವಾಸ ಮಾಡುವವರಿಗೆ ಇದರ ಉಲ್ಟಾ ಆಗಬಹುದು, ಮುಟ್ಟೇ ನಿಂತುಹೋಗುತ್ತದೆ. ರಕ್ತ ಉಳಿಯಿತು ಅಂತ ಖುಷಿ ಪಡುವಂಥದ್ದಲ್ಲ ಅದು. ಗರ್ಭ ಅಲ್ಲವೆಂದು ಖಚಿತವಾಗಿದ್ದು ಮೂರು ತಿಂಗಳು ಬರಲಿಲ್ಲವೆಂದರೆ ಮೈಗೆ ಊಟ ಸಾಲುತ್ತಿಲ್ಲದಿರಬಹುದು, ತೋರಿಸಬೇಕು.

ಪರೀಕ್ಷೆಗೆ ಬರುವವರು ಉಪವಾಸದ ದಿನವೇ, ನೀರು ಕುಡಿಯದೆ ಬರಬೇಡಿ. ನೀರು ಕಡಿಮೆ ಇದ್ದಾಗ ರಕ್ತ ಗಟ್ಟಿಯಾಗಿ ಹಿಮೋಗ್ಲೋಬಿನ್ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು, 11.6 ಇದ್ದವರು 12 ದಾಟಿ "ನಾರ್ಮಲ್" ಅನಿಸಿಕೊಂಡು ಮನೆಗೆ ಹೋಗುತ್ತಾರೆ. ಹಿಮೋಗ್ಲೋಬಿನ್ ತೋರಿಸುವ ಸಿಬಿಸಿ ಪರೀಕ್ಷೆಯ ಜೊತೆ ಫೆರಿಟಿನ್ ಅಂತ ಹೆಸರು ಹೇಳಿ ಬರೆಸಿಕೊಳ್ಳಿ, ಎರಡಕ್ಕೂ ಖಾಲಿ ಹೊಟ್ಟೆ ಬೇಕಾಗಿಲ್ಲ. ಜ್ವರ ಇದ್ದರೆ ಅಥವಾ ಈಗಷ್ಟೇ ಬಿಟ್ಟಿದ್ದರೆ ಎರಡು-ಮೂರು ವಾರ ತಡೆದು ಬನ್ನಿ, ಜ್ವರದಲ್ಲಿ ಫೆರಿಟಿನ್ ಸುಳ್ಳು ಸುಳ್ಳೇ ಏರಿ ಕೂತಿರುತ್ತದೆ.